ನೀರಾ, ಕರೆಂಟಾ, ಹೆಂಚಾ, ಮೋರಿಯಾ

ಅವಳು ಹಸಿರು ಸೀರೆ ಉಟ್ಟಿದ್ದಳು ಎಂದು ಬರೆದು ಹೊಡೆದುಹಾಕಿದ್ದೇನೆ. ಸೀರೆ ನನಗೆ ನೆನಪಿಲ್ಲ. ಕೌಂಟರಿನ ಅಂಚನ್ನು ಹಿಡಿದಿದ್ದ ಬೆರಳುಗಳು ನೆನಪಿವೆ. ಅವೂ ಬೇರೆ ಯಾರವೋ ಇರಬಹುದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಂಗಾರಪೇಟೆಯಿಂದ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ, ಚಿನ್ನದ ಗಣಿ ಕಾರ್ಮಿಕರ ಕ್ವಾರ್ಟರ್ಸ್ ದುರಸ್ತಿ ನೋಡಿಕೊಳ್ಳುವ ಕಚೇರಿಗೆ ಹೋಗುತ್ತಿದ್ದೆ. ಅಲ್ಲಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಕಪ್ಪು ಪರದೆ, ಹಸಿರು ಅಕ್ಷರ. (ಆ ಹಸಿರೇ ಸೀರೆಗೆ ಹತ್ತಿತೋ ಏನೋ.) ಮೊದಲು ಬಂದವರನ್ನು ಏನು ತೊಂದರೆ ಎಂದು ಕೇಳುತ್ತಿದ್ದೆವು. ಅವರು ತಡವರಿಸುತ್ತಿದ್ದರು, ಸಾಲು ಬೆಳೆಯುತ್ತಿತ್ತು. ಆಮೇಲೆ ಪರದೆಯ ಮೇಲೆ ನಾಲ್ಕು ಆಯ್ಕೆ ಬಂದವು. ನಾನು ಓದಿ ಹೇಳುವುದು, ಅವರು ಒಂದನ್ನು ಆರಿಸುವುದು, ನಾನು ಅದರ ಅಂಕಿ ಒತ್ತುವುದು. ನೀರಾ, ಕರೆಂಟಾ, ಹೆಂಚಾ, ಮೋರಿಯಾ? ಕಚೇರಿಯಲ್ಲಿ ಇದ್ದದ್ದು ನಾಲ್ಕು ತಂಡದ ಕೆಲಸಗಾರರು, ಅದಕ್ಕೇ ನಾಲ್ಕು. ಜನರ ಕಷ್ಟ ನೋಡಿ ಮಾಡಿದ ಪಟ್ಟಿಯಲ್ಲ ಅದು, ನಮ್ಮ ಆಳುಗಳನ್ನು ನೋಡಿ ಮಾಡಿದ್ದು. ಆದರೂ ಸಾಲು ಬೇಗ ಕರಗುತ್ತಿತ್ತು. ಎಲ್ಲರಿಗೂ ಖುಷಿ.

ಅವಳು ಬೇತಮಂಗಲದ ಕಡೆಯವಳು, ಗಂಡ ಗಣಿಯಲ್ಲಿ ಭೂಮಿಯೊಳಗಿನ ಕೆಲಸದವನು. ಮನೆ ಒಂಥರಾ ಆಗಿದೆ, ಇರಕ್ಕಾಗಲ್ಲ ಎಂದಳು. ನಾಲ್ಕನ್ನೂ ಓದಿದೆ. ಯೋಚಿಸಿ, ಹೆಂಚು ಎಂದಳು. ಹೆಂಚಿನವರು ಹೋಗಿ ಬಂದರು. ಮತ್ತೆ ಬಂದಳು. ಮತ್ತೆ ಓದಿದೆ. ಈ ಸಲ ಮೋರಿ. ಮೋರಿಯವರೂ ಹೋಗಿ, ಚೆನ್ನಾಗಿ ಹರಿಯುತ್ತಿದ್ದ ಮೋರಿಯನ್ನು ಕೆದಕಿ ಬಂದರು. ಕೇಳಿದವರಿಗೆ ಬರಿಗೈ ತೋರಿಸಬಾರದು ಎಂಬ ಮರ್ಯಾದೆ ಅವಳದು: ಊಟಕ್ಕೆ ಕೂತ ಮನೆಯಲ್ಲಿ ಏನು ಬಡಿಸಲಿ ಎಂದರೆ ಇದ್ದದ್ದರಲ್ಲೇ ಒಂದನ್ನು ಕೇಳುವ ಹಾಗೆ.

ಮೂರನೆಯ ಸಲ ಅವಳು ಬಂದಾಗ ಮೇಲ್ವಿಚಾರಕರು ನನ್ನ ಹಿಂದೆಯೇ ನಿಂತಿದ್ದರು. ಈ ಅಮ್ಮನಿಗೆ ಕರೆಂಟು, ನೀರು ಎರಡು ಬಾಕಿ ಇವೆ, ಒತ್ತು ಎಂದು ನಕ್ಕರು. ಅವಳೂ ನಕ್ಕಳು. ಅವಳ ಆ ನಗುವನ್ನು ನನಗೆ ಸಹಿಸಲಾಗಲಿಲ್ಲ, ಅಥವಾ ಸಹಿಸಲಾಗಲಿಲ್ಲ ಎಂದು ಈಗ ಅನ್ನಿಸುತ್ತಿದೆ. ಪರದೆಯನ್ನು ಬಿಟ್ಟು ಅವಳ ಕಡೆ ತಿರುಗಿದೆ.

"ಅಕ್ಕಾ, ಇದು ಕಣ್ಣಿಗೆ ಕಾಣೋದಾ? ಕಿವಿಗೆ ಕೇಳೋದಾ? ಮೈಗೆ ತಾಗೋದಾ? ಇಲ್ಲಾ, ಯಾವುದೂ ಅಲ್ವಾ? ಅಲ್ಲ ಅಂದ್ರೂ ಪರವಾಗಿಲ್ಲ."

"ಕೇಳೋದಲ್ಲ" ಎಂದಳು. "ಕಾಣೋದೂ ಅಲ್ಲ. ತಾಗೋದು."

ಎಲ್ಲಿ? ನೆಲವಾ, ಬಾಗಿಲಾ, ಗೋಡೆಯಾ, ಬೇರೆ ಎಲ್ಲಾದರೂ?

"ಗೋಡೆ ಸಾ. ಅತ್ತೆ ಎದ್ದೋಗಂಗಿಲ್ಲ, ಅವ್ರ ಮಂಚ ಅದಕ್ಕೇ ಒತ್ತಿರೋದು. ಮಂಚದ ಇಂದೆ ಕೈ ಇಕ್ಕುದ್ರೆ ಗೋಡೆ ಕೆಳ್ಗೆ ಗಾಳಿ ಬತ್ತದೆ. ಮುಂಚೆ ಬತ್ತಿರ್ಲಿಲ್ಲ. ನೆಲ ನಡುಗ್ದಾಗೆಲ್ಲ ಜಾಸ್ತಿ ಆಯ್ತದೆ."

ಭೂಮಿಯೊಳಗೆ ಬಂಡೆ ಸಿಡಿದು ಮನೆಗಳು ನಡುಗುವುದು ಅಲ್ಲಿ ಮಾಮೂಲು. ಪಾತ್ರೆ ಸದ್ದಾದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ನಡುಕವನ್ನು ದೂರು ಅಂತ ಹೇಳಲು ಅವಳಿಗೆ ನಾಚಿಕೆ. ಯಾರ ಮನೆ ನಡುಗುವುದಿಲ್ಲ?

ಮೇಲ್ವಿಚಾರಕರು ನಗು ನಿಲ್ಲಿಸಿ ತಾವೇ ಸೈಕಲ್ ತೆಗೆದರು. ಗೋಡೆ ಬುಡದಿಂದ ಬಿಟ್ಟುಕೊಂಡಿತ್ತು, ಮಂಚದ ಮರೆಯಲ್ಲಿತ್ತು, ಹಾಗಾಗಿ ಮೊದಲು ಹೋದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಂಜೆಯೊಳಗೆ ಮುದುಕಿಯನ್ನು ಮಂಚದ ಸಮೇತ ಅದೇ ಸಾಲಿನ ಖಾಲಿ ಮನೆಗೆ ಎತ್ತಿಕೊಂಡು ಹೋದರು. ಆಮೇಲೆ ಆ ಗೋಡೆ ಬಿತ್ತು ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಆ ಮನೆಯನ್ನೇ ಕೆಡವಿದರು ಕಣಯ್ಯ, ಗೋಡೆ ಬೀಳಲಿಲ್ಲ ಎಂದು ಹಳೆಯ ಸಹೋದ್ಯೋಗಿ ಒಬ್ಬರು ಹೇಳುತ್ತಾರೆ. ಬಿದ್ದಿದ್ದರೆ ಕಥೆ ಚೆಂದ. ನಂಬಬೇಡಿ.

ಐದನೆಯ ಆಯ್ಕೆ ಬೇಕು, ಇವ್ಯಾವುದೂ ಅಲ್ಲ ಅಂತ, ಎಂದು ಕೇಳಿದೆ.

"ಐದು ಒತ್ತಿದ್ರೆ ಯಾರನ್ನ ಕಳಿಸ್ಲಿ ಕಣ್ಲಾ? ನಿಮ್ ಮಾವನ್ನಾ?" ಎಂದರು ಮೇಲ್ವಿಚಾರಕರು. ಆದರೂ ಹಾಕಿಸಿದರು. ಐದು ಒತ್ತಿದರೆ ಮೊದಲು ಬಂದವರನ್ನು ಕೂರಿಸಿ ಮಾತಾಡಿಸಬೇಕು, ಆಮೇಲೆ ಆಳು ಕಳಿಸಬೇಕು. ಸಾಲು ಮತ್ತೆ ಬೆಳೆಯಿತು. ಮೇಲ್ವಿಚಾರಕರು ಬೈದರು, ತೆಗೆಸಲಿಲ್ಲ.

ಒಂದು ದಿನ ಅವಳು ಮತ್ತೆ ಬಂದಳು. ಹೊಸ ಮನೆ ಗಟ್ಟಿಯಾಗಿತ್ತು. ನಾನು ಅಭ್ಯಾಸಬಲದಿಂದ ನೀರಾ ಎಂದು ಶುರು ಮಾಡುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

"ಅವೆಲ್ಲ ಬ್ಯಾಡ ಸಾ. ಅತ್ತೆ ಹಳೇ ಮನೇಗೇ ಓಗ್ಬೇಕಂತವ್ರೆ. ಅಳ್ತಾವ್ರೆ. ಆ ಮನೆ ಇಲ್ಲ ಅಂತ ಅವ್ರಿಗೆ ಏನಂತ ಏಳ್ಲಿ?"

ನಾನು ಐದು ಒತ್ತಿದೆ, ಕುರ್ಚಿ ಎಳೆದುಕೊಟ್ಟೆ. ಅವಳು ಕೂತಳು. ಅತ್ತೆ ಆ ಮನೆಯಲ್ಲಿ ಎಷ್ಟು ವರ್ಷ ಇದ್ದರು ಎಂದು ಕೇಳಿದೆ.