ಅಕ್ಕ ರುಜು ಹಾಕಿಟ್ಟ ಹಾಳೆಗಳು

ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನೊಬ್ಬ ಗಿರಾಕಿಯನ್ನು ಅಳಿಸಿಹಾಕಿದೆ. ಹಾಗೆಂದು ನಂಬಿದ್ದೆ, ಅಷ್ಟೆ. ಕಂಪ್ಯೂಟರಿನಲ್ಲಿ ಫೋಟೋವನ್ನು ಪೆನ್ಸಿಲ್ ಚಿತ್ರ ಮಾಡುವ ವಿದ್ಯೆ ನನಗೆ ಗೊತ್ತೆಂದು ಕೆಲಸ ಕೇಳುವಾಗ ಕೊಚ್ಚಿಕೊಂಡಿದ್ದೆನಲ್ಲ, ಅದರ ಫಲ. ಮೊದಲು ಡಿಸ್ಯಾಚುರೇಟ್ ಮಾಡಿ ಫೋಟೋದ ಬಣ್ಣ ತೆಗೆದೆ. ಅದರ ಮೇಲೆ ಅದರದೇ ನಕಲನ್ನು ಇನ್ನೊಂದು ಲೇಯರ್ ಆಗಿ ಕೂರಿಸಿದೆ. ಆ ನಕಲನ್ನು ಇನ್ವರ್ಟ್ ಮಾಡಿದಾಗ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ, ಗಿರಾಕಿ ಹಳೇ ನೆಗೆಟಿವ್‌ನೊಳಗಿನ ದೆವ್ವದಂತೆ ಕಂಡ. ಕೊನೆಗೆ ಮೇಲಿನ ಲೇಯರನ್ನು, ಕೆಳಗಿನದನ್ನು ಬೆಳಗಿಸುವ ಕಲರ್ ಡಾಜ್‌ಗೆ ಹಾಕಿದೆ. ಪರದೆ ಬೆಳ್ಳಗಾಯಿತು. ಮನುಷ್ಯನೇ ಇಲ್ಲ.

ಕಂಪ್ಯೂಟರಿನ ಕಸದ ಬುಟ್ಟಿ ತೆರೆದು ಅವನನ್ನು ಹುಡುಕತೊಡಗಿದೆ. ಅಲ್ಲೂ ಸಿಗಲಿಲ್ಲ. ಇನ್ನೊಮ್ಮೆ ಬಂದು ಫೋಟೋ ತೆಗೆಸಿಕೊಳ್ಳಿ ಎಂದು ಅವನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದೆಂದು ತಾಲೀಮು ಮಾಡುತ್ತಿದ್ದಾಗ ಬೆನ್ನ ಹಿಂದೆ ನಗು ಕೇಳಿಸಿತು.

"ಅಲ್ಲೇ ಇದಾನೆ ಕಣೋ, ಎಲ್ಲೂ ಓಡಿಹೋಗಿಲ್ಲ. ಎರಡೂ ಲೇಯರು ಸರಿಯಾಗಿ ಒಂದರ ಮೇಲೊಂದು ಕೂತು ಒಂದನ್ನೊಂದು ತಿಂದ್ಹಾಕಿವೆ. ಮೇಲಿನದನ್ನ ಸ್ವಲ್ಪ ಬ್ಲರ್ ಮಾಡು, ಮಸುಕಾಗಲಿ."

ಮಾಡಿದೆ. ಮೊದಲು ಕನ್ನಡಕ ಬಂತು, ಆಮೇಲೆ ಮೀಸೆ, ಕಿವಿ, ಅಂಗಿಯ ಕಾಲರು. ಬ್ಲರ್ ಹೆಚ್ಚಿಸಿದಷ್ಟೂ ಗೆರೆಗಳು ದಪ್ಪಗಾಗುತ್ತ ಹೋದವು. ಗಿರಾಕಿ ಬದುಕಿಕೊಂಡ. ನನಗೆ ಮಾತ್ರ ಅಂದಿನಿಂದ ಆ ಸ್ಟುಡಿಯೋದಲ್ಲಿ 'ಬುದ್ಧಿವಂತ' ಎಂಬ ಹೆಸರು ಅಂಟಿಕೊಂಡಿತು.

ನಕ್ಕವರು ಮಾಲೀಕರ ಅಕ್ಕ. ನಮಗೆಲ್ಲರಿಗೂ ಅಕ್ಕ. ಸ್ಟುಡಿಯೋ ಅವರ ಅಪ್ಪ ಕಟ್ಟಿದ್ದು. ಕ್ಯಾಮೆರಾವನ್ನು ಮಗನಿಗೆ ಕೊಟ್ಟು, ನೆಗೆಟಿವ್‌ಗಳ ಮೇಲೆ ಮೊಡವೆ ಮುಚ್ಚುತ್ತಿದ್ದ ಪೆನ್ಸಿಲನ್ನು ಮಗಳಿಗೆ ಬಿಟ್ಟುಹೋಗಿದ್ದರು. ಅಕ್ಕ ಕಿಟಕಿ ಪಕ್ಕದ ಓರೆ ಹಲಗೆಯ ಮುಂದೆ ಕೂತು ಜನರ ಮುಖ ಬರೆಯುತ್ತಿದ್ದರು. ಪೆನ್ಸಿಲನ್ನು ಬ್ಲೇಡಿನಲ್ಲಿ ಉದ್ದಕ್ಕೆ ಹೆರೆದು, ಅಂಗೈ ಕೆಳಗೆ ಟಿಶ್ಯೂ ಕಾಗದ ಇಟ್ಟುಕೊಂಡು, ಉಸಿರು ಬಿಗಿಹಿಡಿದು. ಆಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಬಂದರೆ ಅದು ಬೈಗುಳ.

ಅಕ್ಕನಿಗೆ ಕಂಪ್ಯೂಟರಿನ ಮೇಲೆ ಸಿಟ್ಟೇನೂ ಇರಲಿಲ್ಲ. ಮಬ್ಬಾದ ಹಳೇ ಫೋಟೋ ಬಂದರೆ ನನ್ನ ಕೈಯಲ್ಲೇ ಡಾಜ್ ಮಾಡಿಸಿ, ರೆಪ್ಪೆ ಎಲ್ಲಿ ಮುಗಿಯುತ್ತದೆ, ತುಟಿ ಎಲ್ಲಿ ತಿರುಗುತ್ತದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಅದಕ್ಕೆ ಅಂಚು ಮಾತ್ರ ಕಾಣುತ್ತೆ, ಮೈ ಕಾಣಲ್ಲ ಎನ್ನುತ್ತಿದ್ದರು. ನಿಜ. ಸುತ್ತಲಿಗಿಂತ ಕಪ್ಪಗಿರುವ ಕಡೆ ಮಾತ್ರ ಗೆರೆ ಮೂಡುತ್ತದೆ. ಒಂದೇ ಸಮ ಕಪ್ಪಗಿರುವ ಕೋಟು ಕೂಡ ನಡುವೆ ಬೆಳ್ಳಗೆ ಬೋಳಾಗಿಬಿಡುತ್ತದೆ.

ಹೀಗಾಗಿ ಅಕ್ಕ ತಮ್ಮನ ನಡುವೆ ಒಂದು ಒಪ್ಪಂದವಿತ್ತು. ನಾನು ಮಾಡುವ ಕಂಪ್ಯೂಟರ್ ಚಿತ್ರ ಅಗ್ಗ, ಅದರ ಮೇಲೆ ಯಾರ ಹೆಸರೂ ಇಲ್ಲ. ಕೈಯಲ್ಲಿ ಬರೆದದ್ದು ದುಬಾರಿ, ಅದರ ಬಲಗಡೆ ಮೂಲೆಯಲ್ಲಿ ಅಕ್ಕನ ರುಜು. ಎರಡಕ್ಕೂ ರುಜು ಹಾಕಿದರೆ ಏನು ಗಂಟು ಹೋಗುತ್ತೆ ಎಂದು ಮಾಲೀಕರು ಒಮ್ಮೆ ಕೇಳಿದ್ದರಂತೆ. ಅಕ್ಕ ಆ ವಾರವಿಡೀ ಅವರೊಂದಿಗೆ ಮಾತು ಬಿಟ್ಟಿದ್ದರಂತೆ. ಅಕ್ಕನ ಹತ್ತಿರ ಆಸ್ತಿ ಅಂತ ಇದ್ದದ್ದು ಆ ರುಜು ಒಂದೇ.

ಅದನ್ನು ಹಾಕುವ ಕ್ರಮವೂ ವಿಚಿತ್ರ. ಎಲ್ಲರೂ ಚಿತ್ರ ಮುಗಿದ ಮೇಲೆ ರುಜು ಹಾಕಿದರೆ ಅಕ್ಕ ಮೊದಲೇ ಹಾಕುತ್ತಿದ್ದರು. ಮುಗಿದ ಚಿತ್ರದ ಮೇಲೆ ಮತ್ತೆ ಕೈ ಊರಿದರೆ ಸೀಸ ಹರಡಿ ಮಸಿಯಾಗುತ್ತದೆ ಎಂಬುದು ಅವರ ಹೆದರಿಕೆ. ದಪ್ಪ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಚೌಕಟ್ಟಿನ ಗುರುತು ಹಾಕಿ, ಮೂಲೆಯಲ್ಲಿ ರುಜು ಮಾಡಿ, ಕಟ್ಟು ಕಟ್ಟಿ ಕಪಾಟಿನಲ್ಲಿಡುತ್ತಿದ್ದರು. ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟ ಹಾಗಾಯಿತಲ್ಲಕ್ಕ ಎಂದು ನಾನು ತಮಾಷೆ ಮಾಡಿದ್ದೆ. "ಮನೇಲಿ ಯಾರೋ ಕದಿಯೋರು? ನೀನಾ?" ಎಂದಿದ್ದರು.

ಹಾಳೆಗಳ ಕಟ್ಟು ಅಕ್ಕ ಬರೆಯುವುದಕ್ಕಿಂತ ಬೇಗ ಕರಗುತ್ತಿದೆ ಎಂದು ಗೊತ್ತಾದಾಗ ಅನುಮಾನ ಬಂದದ್ದೂ ನನ್ನ ಮೇಲೆಯೇ. ಹಾಳೆಯಲ್ಲಿ ಬಜ್ಜಿಯ ಎಣ್ಣೆ ಒರೆಸುತ್ತೀಯಾ ಎಂದು ಕೇಳಿದ್ದರು. ನನ್ನ ನಡತೆ ನೋಡಿದರೆ ಅದು ಅನ್ಯಾಯದ ಪ್ರಶ್ನೆಯೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಬಸ್ ಕಂಡಕ್ಟರೊಬ್ಬರು ಕಂಕುಳಲ್ಲಿ ಚೌಕಟ್ಟು ಇಟ್ಟುಕೊಂಡು ಬಂದರು. ತೀರಿಹೋದ ತಾಯಿಯ ಚಿತ್ರ. ಎರಡು ಸಣ್ಣ ತಿದ್ದುಪಡಿ ಬೇಕು ಎಂದು ಸಂಕೋಚದಿಂದಲೇ ಹೇಳಿದರು. ಅಮ್ಮನ ಕೂದಲು ಕೊನೆಯವರೆಗೂ ಕಡುಗಪ್ಪು, ಇಲ್ಲಿ ನರೆತ ಹಾಗಿದೆ. ಆಮೇಲೆ ಕೆನ್ನೆಯಿಂದ ಗಲ್ಲಕ್ಕೆ ಒಂದು ಗೆರೆ ಇಳಿದಿದೆ, ಅಂಥ ಗಾಯ ಅವರಿಗೆ ಆಗಿರಲಿಲ್ಲ.

ಅಕ್ಕ ಚೌಕಟ್ಟು ಬಿಚ್ಚಿದರು. ಈ ಮುಖ ಬರೆದ ನೆನಪು ಅವರಿಗಿರಲಿಲ್ಲ, ಆದರೆ ಮೂಲೆಯ ರುಜುವನ್ನು ಬೆಳಕಿಗೆ ಓರೆ ಹಿಡಿದಾಗ ಸೀಸ ಹೊಳೆಯಿತು. ಅವರದೇ. ಆಗಲಿ ಎಂದು ರಬ್ಬರು ತೆಗೆದುಕೊಂಡು ಕೆನ್ನೆಯ ಗೆರೆಯನ್ನು ಹಗುರವಾಗಿ ಉಜ್ಜಿದರು. ಹೋಗಲಿಲ್ಲ. ಒತ್ತಿ ಉಜ್ಜಿದರು. ಹಾಳೆಯ ಎಳೆ ಎದ್ದಿತು, ಗೆರೆ ಅಲ್ಲೇ ಇತ್ತು.

ಮೂಲ ಫೋಟೋ ಕೊಡಿ ಎಂದರು. ಕಂಡಕ್ಟರು ಕಿಸೆಯಿಂದ ತೆಗೆದರು. ಫೋಟೋ ಎಂದೋ ಮಡಚಿಹೋಗಿತ್ತು, ಮಡಿಕೆಯಲ್ಲಿ ಕೊಳೆ ಕೂತು ಕೆನ್ನೆಯ ಮೇಲೆ ಕಪ್ಪು ಗೆರೆ ಇಳಿದಿತ್ತು. ಮುಖ ನೋಡುವ ಕಣ್ಣು ಯಾವುದೂ ಆ ಗೆರೆಯನ್ನು ಬರೆಯುವುದಿಲ್ಲ. ಕಲರ್ ಡಾಜ್‌ಗೆ ಮಡಿಕೆಯೂ ಒಂದೇ, ಮೂಗೂ ಒಂದೇ. ಫೋಟೋದಲ್ಲಿ ಕಪ್ಪಗಿದ್ದ ಕೂದಲಿನ ನಡುಭಾಗ ಚಿತ್ರದಲ್ಲಿ ಪೂರಾ ಬೆಳ್ಳಗೆ ಹಾರಿಹೋಗಿ ಅಂಚಿನ ಎಳೆಗಳು ಮಾತ್ರ ಉಳಿದಿದ್ದವು.

ಅಕ್ಕ ನನ್ನತ್ತ ತಿರುಗಿದರು. "ನೀನಾ?"

ನನಗೆ ಇಷ್ಟು ಚೆನ್ನಾಗಿ ಮಾಡಲು ಬರುವುದಿಲ್ಲ ಎಂದೆ. ನನ್ನ ಪರವಾಗಿ ಅದಕ್ಕಿಂತ ಗಟ್ಟಿ ಸಾಕ್ಷಿ ಇರಲಿಲ್ಲ. ಅಕ್ಕ ತಕ್ಷಣ ಒಪ್ಪಿಕೊಂಡರು. ಉಳಿದವರು ಒಬ್ಬರೇ. ದಪ್ಪ ಹಾಳೆಯ ಮೇಲೆ ಚಿತ್ರ ಅಚ್ಚು ಹಾಕುವ ದೊಡ್ಡ ಪ್ರಿಂಟರು ಇದ್ದದ್ದು ಹಿಂದಿನ ಕೋಣೆಯಲ್ಲಿ, ಅದರ ಬೀಗದ ಕೈ ಇದ್ದದ್ದೂ ಅವರೊಬ್ಬರ ಹತ್ತಿರವೇ.

ಮಾಲೀಕರು ಟೀ ಲೋಟ ಹಿಡಿದೇ ಹೊರಗೆ ಬಂದರು. ಬಿಚ್ಚಿದ ಚೌಕಟ್ಟು ನೋಡಿದರು, ಅಕ್ಕನ ಕೈಯ ರಬ್ಬರು ನೋಡಿದರು. ಒಳಗೆ ಬಾ, ಮಾತಾಡೋಣ ಎಂದರು.

"ಇಲ್ಲೇ ಹೇಳು."

"ನಿನ್ನ ಕೈ ನಿಧಾನ ಆಗಿದೆ ಅಕ್ಕ. ಜನ ಕಾಯಲ್ಲ. ನಾನೇನು ಕಳ್ಳ ರುಜು ಹಾಕಿದೀನಾ? ನಿಂದೇ ರುಜು ಅದು."

ಅಕ್ಕ ಕಪಾಟಿನ ಹತ್ತಿರ ಹೋಗಿ ಉಳಿದ ಹಾಳೆಗಳ ಕಟ್ಟನ್ನು ತಂದು ತಮ್ಮ ಹಲಗೆಯ ಮೇಲಿಟ್ಟುಕೊಂಡರು. ಆಮೇಲೆ ತಮ್ಮನನ್ನು ಕೇಳಿದ್ದು ಒಂದೇ: "ಎಷ್ಟು ಮನೇಲಿ ನೇತುಹಾಕಿದೀಯೋ ನನ್ನ?"

ಮಾಲೀಕರು ಟೀ ಗುಟುಕರಿಸಿದರು. ನಂತರ ಕಂಡಕ್ಟರ ಕಡೆ ತಿರುಗಿ, ನಗುನಗುತ್ತ, ಅಕ್ಕ ಸಾವಿರ ಮುಖ ಬರೀತಾರೆ, ಕೆಲವು ಮರೆತುಹೋಗುತ್ತವೆ, ನಿಮ್ಮ ಚಿತ್ರ ನಾಳೆಯೇ ಸರಿಮಾಡಿ ಕೊಡುತ್ತೇವೆ ಎಂದರು. ಹೇಳುತ್ತಲೇ ಅಕ್ಕನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಪಾಸ್‌ಪೋರ್ಟ್ ಫೋಟೋಗೆ ಬಂದ ಇಬ್ಬರು ಬೆಂಚಿನ ಮೇಲೆ ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ನಾನು ಪರದೆಯೊಳಗೆ ಮುಖ ತೂರಿಸಿ, ಮಾಡಿ ಮುಗಿಸಿದ್ದ ಫೋಟೋವೊಂದನ್ನು ಮತ್ತೆ ಕತ್ತರಿಸುತ್ತಿದ್ದೆ. ತಿಂಗಳ ಸಂಬಳದವನ ಶೌರ್ಯ ಅಷ್ಟೇ.

ಕಂಡಕ್ಟರು ಮಾತ್ರ ಸಮಾಧಾನ ಆಗದೆ ನಿಂತೇ ಇದ್ದರು. ದಿನವಿಡೀ ಟಿಕೆಟ್ ಕೇಳಿ ರೂಢಿಯಾದ ದನಿಯಲ್ಲಿ, ನೇರವಾಗಿ ಅಕ್ಕನನ್ನೇ ಕೇಳಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮಮ್ಮನ್ನ ಬರೆದಿದ್ದು ನೀವು ಹೌದೋ ಅಲ್ವೋ?"

ಅಕ್ಕ ರಬ್ಬರನ್ನು ಬಲಗಡೆ ಮೂಲೆಗೆ ಒಯ್ದು ಎರಡು ಸಲ ಎಳೆದರು. ರುಜು ಸಲೀಸಾಗಿ ಹೋಯಿತು. ಪುಡಿಯನ್ನು ಊದಿ, ಹಾಳೆಯನ್ನು ಅವರ ಕೈಗೆ ಕೊಟ್ಟರು.

"ಇದರಲ್ಲಿ ನಾನು ಬರೆದಿದ್ದು ನನ್ನ ಹೆಸರೊಂದೇ. ಅದನ್ನ ಈಗ ಅಳಿಸಿದೆ. ಮಿಕ್ಕಿದ್ದಕ್ಕೆ ಅವನನ್ನ ಕೇಳಿ."