ಬೀಗದಂಗಡಿಗೆ ಬರೆದ ಕಾಗದ

ನನ್ನ ತವರು ಟಿ. ನರಸೀಪುರ. ನಂಜನಗೂಡಿನಲ್ಲಿ ನನಗೆ ಎದುರುಬದುರು ಎರಡು ಫ್ಲಾಟುಗಳಿವೆ. ನಮ್ಮ ಸೈಟಿನಲ್ಲಿ ಕಟ್ಟಡ ಕಟ್ಟಿದವನು ನನ್ನ ಪಾಲಿಗೆ ಕೊಟ್ಟದ್ದು. ಒಂದರಲ್ಲಿ ನಾನೊಬ್ಬಳೇ ಇದ್ದೇನೆ. ಇನ್ನೊಂದರಲ್ಲಿ ಹೆಡತಲೆ ಅನ್ನುವ ಊರಿನ ಒಬ್ಬ ಹೆಂಗಸು ಬಾಡಿಗೆಗಿದ್ದಳು. ಗಂಡ ಬಿಟ್ಟವಳು. ಮಗುವನ್ನು ಊರಲ್ಲಿ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಅದೂ ಕಂಟ್ರಾಕ್ಟರ್ ಕೈಕೆಳಗೆ.

ಎರಡು ಬಾಗಿಲಿಗೂ ಬೆರಳಿಟ್ಟರೆ, ಇಲ್ಲವೇ ನಂಬರ್ ಒತ್ತಿದರೆ ತೆರೆಯುವ ಬೀಗ ಹಾಕಿಸಿದೆ. ಬೀಗ, ಫ್ಯಾನು ಮಾರುವ ತವರಿನ ಅಂಗಡಿ, ಮೋಸ ಮಾಡುವುದಿಲ್ಲ ಅಂತ ನರಸೀಪುರದಲ್ಲೇ ಕೊಂಡೆ. ಬೀಗ ಹಾಕಲು ಬಂದವನು ಎರಡನ್ನೂ ನನ್ನ ಫೋನಿಗೆ ಸೇರಿಸಿದ. ಗೋಡೆಯ ಪ್ಲಗ್ಗಿಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿ, ಅದೇ ವೈಫೈ ಹಿಡಿದು ಬೀಗದ ಜೊತೆ ಮಾತಾಡುತ್ತದೆ ಅಂದ. ಮಾಮೂಲಿ ಬೀಗದ ಕೈಗಳನ್ನೂ ಕೊಟ್ಟ, ಏನಾದರೂ ಕೆಟ್ಟರೆ ಬೇಕಾಗುತ್ತದೆ ಅಂತ. ಅವನ್ನು ಅರಿಶಿನ ಕುಂಕುಮ ಇಟ್ಟು ದೇವರ ಮುಂದೆ ಇಟ್ಟೆ. ನಮ್ಮಲ್ಲಿ ಹೊಸ ಬೀಗದ ಕೈ ಇಡುವ ಜಾಗ ಅದೇ. ಎರಡೂ ಮನೆಯದು, ನನ್ನ ಮನೆಯೊಳಗೆ.

ಒಂದು ಗುರುವಾರ ಸಾಯಂಕಾಲ ಫೋನಿನಲ್ಲಿ ಇಂಗ್ಲಿಷಿನ ಸುದ್ದಿಯೊಂದು ಬಂತು. ಒರೆಸಿದರೂ ಹೋಗಲಿಲ್ಲ. ಅಂಗಡಿಗೆ ಫೋನ್ ಮಾಡಿದೆ.

"ಅಪ್‌ಡೇಟ್ ಬಂದದೆ ಕಣವ್ವ. ನೀಲಿ ಬಟನ್ ಒತ್ತಿ, ಇನ್ನೂ ಚೆನ್ನಾಗ್ ಓಡ್ತದೆ," ಅಂದ ಅಂಗಡಿಯವನು.

ಒತ್ತಿದೆ. ಎರಡಕ್ಕೂ ಹಸಿರು ಗುರುತು ಬಿತ್ತು. ಆಮೇಲೆ ಯಾರೂ ಹೊರಗೆ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೊಸಿಲು ತೊಳೆಯಲು ಬಂದೆವು. ನೀರು ಒಳಗೆ ಹೋಗುತ್ತದೆ ಅಂತ ಬಾಗಿಲು ಎಳೆದುಕೊಂಡೇ ತೊಳೆಯುವುದು. ಎಳೆದರೆ ತಾನೇ ಬೀಗ ಬೀಳುತ್ತದೆ. ಅರಿಶಿನ ಬಳಿದು, ರಂಗೋಲಿ ಎಳೆದು ಬೆರಳಿಟ್ಟರೆ ಬೀಗಕ್ಕೆ ಜೀವವಿಲ್ಲ. ನಂಬರ್ ಒತ್ತಿದರೆ ದೀಪವೇ ಹತ್ತಲಿಲ್ಲ. ಎದುರು ಮನೆಯದೂ ಹಾಗೇ. ಒಳಗಿನಿಂದ ಹಿಡಿ ತಿರುಗಿಸಿ ಬಂದಿದ್ದೆವು. ಅದಕ್ಕೆ ಅಪ್‌ಡೇಟೂ ಬೇಡ, ಕರೆಂಟೂ ಬೇಡ. ಹಾಗಾಗಿ ಕೆಟ್ಟಿರುವುದು ಗೊತ್ತೇ ಆಗಿರಲಿಲ್ಲ.

ನನ್ನ ಫೋನು ಒಳಗೆ. ಅವಳ ಯೂನಿಫಾರಂ, ಗೇಟ್ ಪಾಸು ಒಳಗೆ. ಇನ್ನೇನು ಕಂಪನಿ ಗಾಡಿ ಬರುವ ಹೊತ್ತು.

ಕೆಳಮನೆಯವರ ಫೋನಿನಿಂದ ಅಂಗಡಿಗೆ ಮಾಡಿದೆ. ಚೌಕದ ಬ್ಯಾಟರಿ ತಂದು ಬೀಗದ ಕೆಳಗೆ ಮುಟ್ಟಿಸಿ, ಹೊರಗಿನಿಂದ ಕರೆಂಟು ಸಿಕ್ಕರೆ ಏಳುತ್ತದೆ ಅಂದ. ಮೂಲೆ ಅಂಗಡಿಯಿಂದ ತಂದು ಮುಟ್ಟಿಸಿದೆವು. ಏನೂ ಆಗಲಿಲ್ಲ.

"ಮಾಮೂಲಿ ಕೀ ಎಲ್ಲವ್ವ?"

"ದೇವರ ಮುಂದೆ."

"ಯಾವ ದೇವ್ರು?"

"ನನ್ನ ಮನೆ ದೇವ್ರು ಕಣಯ್ಯ. ಒಳಗೆ."

ಅವನು ನಕ್ಕ. "ಅಂಗಾದ್ರೆ ಆ ದೇವ್ರಿಗೇ ಬಂದು ಬಾಗ್ಲು ತೆಗಿ ಅನ್ನಿ."

ಅಂಗಡಿ ಹುಡುಗನನ್ನು ಬಸ್ಸಿಗೆ ಹತ್ತಿಸುತ್ತೇನೆ, ಬಾಗಿಲು ಒಡೆದರೆ ಗ್ಯಾರಂಟಿ ಹೋಗುತ್ತದೆ ಅಂದ. ಬಡಗಿಯನ್ನು ಕರೆಸಿ ನನ್ನ ಬಾಗಿಲು ಒಡೆಸಿದೆ. ಬೀಗದ ಕೈ ತಂದು ಅವಳ ಬಾಗಿಲು ತೆಗೆಯುವಷ್ಟರಲ್ಲಿ ಗಾಡಿ ಹೋಗಿತ್ತು. ಅವಳು ಆಟೋ ಹಿಡಿದು ಹೋದಳು. ಶಿಫ್ಟ್ ಶುರುವಾಗಿದೆ ಅಂತ ಗೇಟಿನಲ್ಲೇ ತಡೆದರು.

ಮಗುವಿಗೆ ಜ್ವರ ಬಂದಾಗ ಹಿಂದೆ ರಜೆ ಹಾಕಿದ್ದಳು. ಇನ್ನೊಂದು ಸಲ ಆದರೆ ಬರಬೇಡ ಅಂತ ಕಂಟ್ರಾಕ್ಟರ್ ಆಗಲೇ ಹೇಳಿದ್ದನಂತೆ. ಅವಳು ಮನೆಗೆ ವಾಪಸು ಬಂದು ಅತ್ತಳು. ಅತ್ತರೆ ಗೇಟು ತೆಗೆಯುತ್ತಾರಾ ಅಂದೆ. ಅವನಿಗೇ ಫೋನ್ ಮಾಡಿಸಿ ನಾನು ಮಾತಾಡಿದೆ.

"ದಿನಾ ಒಬ್ಬೊಬ್ರು ಒಂದೊಂದ್ ಕತೆ ಏಳ್ತಾರೆ. ಈಗ ಬೀಗದ ಕತೆ," ಅಂದ. "ಬೀಗ ಕೆಟ್ಟಿತ್ತು ಅಂತ ಅಂಗಡಿಯವ್ರ ಕೈಲಿ ಸೀಲ್ ಹಾಕಿಸ್ಕೊಂಡ್ ಬನ್ನಿ. ಸೂಪರ್‌ವೈಜರ್‌ಗೆ ತೋರಿಸ್ತೀನಿ. ಅಲ್ಲಿಗಂಟ ಜಾಗ ಇಟ್ಟಿರ್ತೀನಿ ಅಂತ ಏಳಕಾಗಲ್ಲ."

ಅದಕ್ಕೇ ಕಾಗದ ಬರೆದದ್ದು. ನಾನು ಓದಿದ್ದು ಮೂರನೇ ಕ್ಲಾಸು. ಅವಳು ಬರೆದುಕೊಡುತ್ತೇನೆ ಅಂದಳು. ಬೇಡ, ಬೀಗ ನನ್ನದು ಅಂತ ನಾನೇ ಬರೆದೆ. ಹೀಗಿತ್ತು:

"ಅಂಗಡಿ ಮಾಲೀಕರಿಗೆ. ನೀವು ಮಾರಿದ ಎರಡು ಬೀಗ ನೀವು ಒತ್ತಿ ಅಂದ ಮೇಲೆ ಸತ್ತವು. ಬ್ಯಾಟರಿ ಮುಟ್ಟಿಸಿದರೂ ಏಳಲಿಲ್ಲ. ನನ್ನ ಬಾಗಿಲು ಒಡೆದೆ. ಅದರ ಮಾತು ಆಮೇಲೆ. ನನ್ನ ಬಾಡಿಗೆಯವಳ ಕೆಲಸ ಹೋಗುವ ಹಾಗಿದೆ. ಅಪ್‌ಡೇಟಿನಿಂದ ಬೀಗ ಕೆಟ್ಟಿತು, ಅವಳ ತಪ್ಪಿಲ್ಲ ಅಂತ ಒಂದು ಸಾಲು ಬರೆದು ಸೀಲು ಹಾಕಿ ಕಳಿಸಿ. ಬೇಗ ಕಳಿಸಿ."

ಅಂಗಡಿಯ ಹುಡುಗ ಮಧ್ಯಾಹ್ನ ಬಂದ. ಅವಳ ಬಾಗಿಲಿನ ಬೀಗ ಬಿಚ್ಚಿ ನೋಡಿ, ಬ್ಯಾಟರಿ ಸರಿಯಾಗಿದೆ, ಅಪ್‌ಡೇಟ್ ಆದ ಮೇಲೆ ಬೇರೆ ಕಡೆಯೂ ಹೀಗೇ ಆಗಿದೆ ಅಂದ. ಅವನ ಕೈಯಲ್ಲೇ ಕಾಗದ ಕೊಟ್ಟೆ. ಶನಿವಾರ ಉತ್ತರವಿಲ್ಲ. ಭಾನುವಾರ ಅಂಗಡಿ ಮುಚ್ಚಿತ್ತು. ಸೋಮವಾರ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ.

ನನ್ನ ಕಾಗದ ಅವನ ಮೇಜಿನ ಗಾಜಿನ ಕೆಳಗಿತ್ತು.

"ಬನ್ನಿ ಅವ್ವ, ನಮ್ಮೂರ ಎಣ್ಮಗಳು ನೀವು. ಕಾಪಿ ಕುಡೀರಿ."

"ಕಾಪಿ ಕುಡಿಯಕ್ಕೆ ಬಂದಿಲ್ಲ. ಸಾಲು ಬರಿ."

"ಎರಡು ಒಸ ಬೀಗ ಕೊಡ್ತೀನಿ, ಕಂಪನಿ ಒಪ್ಕೊಂಡದೆ. ನಿಮ್ದು ಒಡ್ದಿದ್ರೂ ಕೊಡ್ತೀನಿ."

"ಬೀಗ ಯಾರಿಗೆ ಬೇಕಾಗಿತ್ತು? ಸಾಲು ಬರಿ."

"ಅಪ್‌ಡೇಟಿಂದ ಕೆಡ್ತು ಅಂತ ನಾನು ಸೀಲ್ ಒತ್ತಿದ್ರೆ ಕಂಪನಿಯೋರು ನನ್ ಡೀಲರ್‌ಶಿಪ್ ಕಿತ್ಕೋತಾರೆ. ಬಟನ್ ಒತ್ತಿದ್ದು ನೀವಲ್ವ?"

"ಒತ್ತು ಅಂದಿದ್ದು ನಿಮ್ಮಪ್ಪನ?"

ಅಂಗಡಿಯಲ್ಲಿ ಫ್ಯಾನು ಕೊಳ್ಳಲು ಬಂದಿದ್ದವರು ತಿರುಗಿ ನೋಡಿದರು. ಅವನು ದನಿ ಇಳಿಸಿದ. ಒಳಗಿನಿಂದ ಅಚ್ಚಾದ ಹಾಳೆಯೊಂದನ್ನು ತಂದ. ದೂರು ತೀರಿದೆ, ಗ್ರಾಹಕರಿಗೆ ತೃಪ್ತಿಯಾಗಿದೆ, ಮುಂದೆ ತಕರಾರಿಲ್ಲ ಅಂತ ಅದರಲ್ಲಿತ್ತು. ಕಂಪನಿಗೆ ಇದನ್ನು ಕಳಿಸಬೇಕಂತೆ.

"ಇದಕ್ಕೆ ಸೈನ್ ಆಕಿ. ನಾನು ನಿಮ್ ಸಾಲು ಬರ್ಕೊಡ್ತೀನಿ. ಕಂಪನಿ ಎಸ್ರು ಬೇಡ, ಅಪ್‌ಡೇಟ್ ಅಂತಾನೂ ಬೇಡ. ಬೀಗ ಕೆಟ್ಟು ಬಾಗ್ಲು ತೆಗೀನಿಲ್ಲ ಅಂತ ಬರಿತೀನಿ. ಸಾಕಲ್ವ?"

ನನಗೆ ತೃಪ್ತಿಯಾಗಿರಲಿಲ್ಲ. ಆದರೂ ಸಹಿ ಹಾಕಿದೆ. ಅವನು ಬರೆದು ಸೀಲು ಒತ್ತಿದ. ನನ್ನ ಕಾಗದವನ್ನು ಗಾಜಿನ ಕೆಳಗಿನಿಂದ ತೆಗೆದು ಹರಿದ. ಕಾಪಿ ಬಂತು, ಕುಡಿಯಲಿಲ್ಲ.

ಮನೆಗೂ ಹೋಗದೆ ನೇರ ತಾಂಡ್ಯಕ್ಕೆ ಹೋದೆ. ಅವಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಕಂಟ್ರಾಕ್ಟರ್ ಬೈಕಿನ ಮೇಲೆ ಕೂತೇ ಓದಿದ.

"ಸರಿಯಾಗೇ ಅದೆ ಅವ್ವ. ನಿಮ್ ತಪ್ಪಿಲ್ಲ, ಆಯಮ್ಮನ ತಪ್ಪೂ ಇಲ್ಲ. ಬೆಳಿಗ್ಗೆ ಉಲ್ಲಳ್ಳಿ ಕಡೆಯೋಳು ಒಬ್ಬಳ್ನ ಆ ಜಾಗಕ್ಕೆ ತಗೊಂಡ್ಬಿಟ್ರು. ಖಾಲಿಯಾದ್ರೆ ಏಳ್ತೀನಿ."

ಅವಳು ಕಾಗದ ಇಸಿದುಕೊಂಡು ಓದಿದಳು. ಪಿಯುಸಿ ಓದಿದವಳು.

"ಅಪ್‌ಡೇಟ್ ಅಂತ ಎಲ್ಲೂ ಇಲ್ವಲ್ಲ ದೊಡ್ಡವ್ವ."

"ಆ ಮಾತು ಬಿಟ್ರೇನೆ ಬರ್ಕೊಡ್ತೀನಿ ಅಂದ. ತಕರಾರಿಲ್ಲ ಅಂತ ಸೈನೂ ಹಾಕ್ದೆ."

"ಅಯ್ಯೋ, ಅದ್ಯಾಕಾಕಿದ್ರಿ? ಇನ್ನೊಂದ್ ಮನೇಲಿ ಇಂಗಾದ್ರೆ ಅವ್ರು ಏನಂತ ಏಳ್ಬೇಕು?"

ನಿನಗೋಸ್ಕರ ಅಂತ ಬಾಯಿಗೆ ಬಂತು. ಅನ್ನಲಿಲ್ಲ. ಅವಳಿಗೆ ಅದರಿಂದ ಏನೂ ಸಿಕ್ಕಿರಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಅವಳು ಹೆಡತಲೆಗೆ ವಾಪಸು ಹೋದಳು. ಅಣ್ಣನ ಮನೆ, ಅತ್ತಿಗೆಯ ಬಾಯಿ. ಈಗ ಕೂಲಿಗೆ ಹೋಗುತ್ತಾಳಂತೆ. ಅಂಗಡಿಯವನು ಎರಡು ಹೊಸ ಬೀಗ ಕಳಿಸಿದ. ಹಾಕಿಸಿಕೊಳ್ಳಲಿಲ್ಲ, ತಂದ ಹುಡುಗನ ಕೈಯಲ್ಲೇ ತಿರುಗಿ ಕಳಿಸಿದೆ. ವಾರ ಕಳೆದು ಕಂಪನಿಯಿಂದ ಒಬ್ಬಳು ಫೋನ್ ಮಾಡಿ, ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳಿದಳು. ಬೀಗ ಕೆಟ್ಟದ್ದು ನಿಮ್ಮ ಅಪ್‌ಡೇಟಿನಿಂದ, ಒಬ್ಬಳ ಕೆಲಸ ಹೋಯಿತು, ಬರಕೋ ಅಂದೆ.

"ನಿಮ್ಮ ದೂರು ತೀರಿದೆ ಅಂತ ಇಲ್ಲಿ ತೋರಿಸ್ತಿದೆ ಮೇಡಂ. ಹೊಸದಾಗಿ ಬರೆಯೋಕೆ ಆಗಲ್ಲ," ಅಂದಳು.