ಅತ್ತೆಯ ನೂರು ರೂಪಾಯಿಯ ಮೋಜು

ನಮ್ಮ ಕಡೆ ಲಾಟರಿ ಬಂದ್ ಆಗಿ ಎಷ್ಟೋ ವರ್ಷವಾಯಿತು. ಆದರೆ ತಿಂಗಳಿಗೊಮ್ಮೆ ಅತ್ತೆ ಮತ್ತು ನಾನು ಗಜೇಂದ್ರಗಡದಿಂದ ಸೀರೆಗಳ ಗಂಟು ಹೊತ್ತು ಗಡಿಯಾಚೆಯ ಸೋಲಾಪುರದ ವ್ಯಾಪಾರಿಯ ಬಳಿ ಹೋಗುತ್ತೇವೆ. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೇ ಸರ್ಕಾರದ ಲಾಟರಿ ಮಾರುವ ಅಂಗಡಿ.

ನನ್ನ ಅತ್ತೆ ಮಗ್ಗದ ಮುಂದೆ ಕುಳಿತರೆ ಊಟ ಮರೆಯುವ ಹೆಂಗಸು. ಹೋದಾಗಲೆಲ್ಲ ಆ ಅಂಗಡಿಯಲ್ಲಿ ಟಿಕೀಟು ಕೊಳ್ಳುತ್ತಿದ್ದರು, ಆದರೆ ನೂರು ರೂಪಾಯಿ ಮೀರುತ್ತಿರಲಿಲ್ಲ.

"ಸಿನಿಮಾ ನೋಡಿದ್ರ ರೊಕ್ಕ ತಿರುಗಿ ಬರತದೇನು? ಇದೂ ಹಂಗ. ಕಳೀತು ಅಂತನ ತಿಳದು ಕೊಡೂದು" ಎನ್ನುತ್ತಿದ್ದರು.

ಮರಳುವ ಬಸ್ಸಿನಲ್ಲಿ ವಿಜಯಪುರ ದಾಟುವ ತನಕ ಬಂಪರ್ ಬಂದರೆ ಏನು ಮಾಡುವುದೆಂಬ ಲೆಕ್ಕ ನಡೆಯುತ್ತಿತ್ತು. ಮಾವನಿಗೊಂದು ಕುದುರೆ ಕೊಡಿಸುವುದಂತೂ ಖಾಯಂ. ಮಾವನಿಗೆ ಸೈಕಲ್ಲೇ ಬರುವುದಿಲ್ಲ. ಒಮ್ಮೆ ಸಣ್ಣ ಬಹುಮಾನ ಬಂದಾಗ ಅತ್ತೆ ಅದರಿಂದ ಟಿಕೀಟು ಕೊಳ್ಳದೆ ಓಣಿಗೆಲ್ಲ ಪೇಢೆ ಹಂಚಿದರು.

ಕಳೆದ ವರ್ಷದ ಒಂದು ತಿಂಗಳು, ಸೀರೆ ಮಾರಿ ಮರಳುವಾಗ, ಗೋಡೆಗೆ ಅಂಟಿಸಿದ ಫಲಿತಾಂಶದ ಮುಂದೆ ಅಂಗಡಿಯವನು ನಮ್ಮ ಹಿಂದಿನ ಸಲದ ಟಿಕೀಟು ಹಿಡಿದು ಕೂಗಿದ.

"ಅಕ್ಕಾರ, ಕಡೀ ಅಂಕಿ ಒಂದ ಬಿಟ್ಟು ಎಲ್ಲಾ ಕೂಡ್ಯಾವ! ನಿಮ್ಮ ನಸೀಬ ಬಾಗಲದಾಗ ಬಂದ ನಿಂತದ. ಇವತ್ತ ಹತ್ತು ಟಿಕೀಟ ಒಯ್ಯರಿ."

"ಅತ್ತಿ, ಸೀರಿ ರೊಕ್ಕ ಅದಾವಲ್ಲ, ಈ ಸಲ ಅಷ್ಟ..." ಎಂದೆ.

"ಹುಚ್ಚಿ! ಒಂದ ಅಂಕಿ ತಪ್ಪಿದ್ರೂ ತಪ್ಪಿದ್ದ, ಆರೂ ತಪ್ಪಿದ್ರೂ ತಪ್ಪಿದ್ದ. ಮುಂದಿನ ಚೀಟಿಗೆ ಇದರ ನೆನಪಿರತದೇನು?" ಎಂದು ನೂರಕ್ಕೆ ಬರುವಷ್ಟನ್ನೇ ಕೊಂಡು ನಡೆದರು.

ಆದರೆ ಆ ತಪ್ಪಿದ ಅಂಕಿ ಅತ್ತೆಯ ತಲೆಯಲ್ಲೇ ಉಳಿಯಿತು. ಬಸ್ಸಿನಲ್ಲಿ ಕುದುರೆಯ ಮಾತಿಲ್ಲ. ಡ್ರಾ ಇದ್ದ ದಿನ ಮಗ್ಗದಲ್ಲಿ ಮೇಲಿಂದ ಮೇಲೆ ಎಳೆ ಹರಿದುಕೊಂಡರು, ಮಾವನ ಮೇಲೆ ರೇಗಿದರು. ನನ್ನ ಗಂಡ ಮೊಬೈಲಿನಲ್ಲಿ ನೋಡಿ ಏನೂ ಬಂದಿಲ್ಲ ಎಂದಾಗ, ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು. ಕಟ್ಟೆಯ ತನಕ ಹೋದವರು ತಿರುಗಿ ಒಳಗೆ ಬಂದು ನಕ್ಕುಬಿಟ್ಟರು.

"ಮೋಜಿಗೆ ಅಂತ ತಗೊಂಡದ್ದು ನನ್ನ ಊಟಾನ ಕೆಡಿಸೇದ. ಇನ್ನ ಸಾಕವಾ."

ಮುಂದಿನ ತಿಂಗಳು ಅಂಗಡಿಯವನು ದೂರದಿಂದಲೇ ಕೈಬೀಸಿದ. ಅತ್ತೆಯ ಹೆಜ್ಜೆ ತುಸು ನಿಧಾನವಾಯಿತು.

"ಇಲ್ಲೋ ತಮ್ಮಾ, ಆಟ ಮುಗೀತು" ಎಂದು ಅವನಿಗೆ ಹೇಳಿ, ನನ್ನ ಕೈಹಿಡಿದು ಪಕ್ಕದ ಕುಲ್ಫಿ ಗಾಡಿಗೆ ನಡೆದರು. ನನಗೊಂದು, ತಮಗೆರಡು. ವ್ಯಾಪಾರಿಯ ಅಂಗಡಿ ಮುಟ್ಟುವಷ್ಟರಲ್ಲಿ ಎರಡು ಕುಲ್ಫಿಯ ತಂಪಿಗೆ ಅವರ ದನಿಯೇ ಹೊರಡದಾಗಿತ್ತು. ಸೀರೆಗಳ ದರದ ಚೌಕಾಸಿ ಮೊದಲ ಬಾರಿಗೆ ನನ್ನ ಪಾಲಿಗೆ ಬಂತು; ಅತ್ತೆ ಹಿಂದೆ ನಿಂತು, ದರ ಕಡಿಮೆಯೆನಿಸಿದಾಗಲೆಲ್ಲ ನನ್ನ ಸೆರಗು ಜಗ್ಗುತ್ತಿದ್ದರು.